ಎಂಟನೇ ಕ್ಲಾಸಿನ ಪುಸ್ತಕದೊಳಗೇ ಅರ್ಧ ಪರೀಕ್ಷೆ ಇದೆ

ಗಣಿತದ ಘಟಕ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಒಂಬತ್ತು. ನಮ್ಮ ಅಕ್ಕನ ಮಗಳು ಆ ಉತ್ತರ ಪತ್ರಿಕೆಯನ್ನು ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಕೆಳಗೆ ಮಡಚಿ ಇಟ್ಟಿದ್ದಳು. ಅದರ ಹಿಂದಿನ ಟೆಸ್ಟ್‌ನಲ್ಲಿ ಹದಿನೇಳು ಬಂದಿತ್ತು. ಅಕ್ಕ ಫೋನ್ ಮಾಡಿ, "ನೋಡೋ, ಸ್ಕಾಲರ್‌ಶಿಪ್ ಸ್ಕಾಲರ್‌ಶಿಪ್ ಅಂತ ಇದ್ದದ್ದೂ ಹೋಯ್ತು" ಅಂದಾಗ ನಾನು ಚಿಕ್ಕಬಳ್ಳಾಪುರದಿಂದ ಬಸ್ ಹತ್ತಿದೆ. ಯಾಕೆಂದರೆ ಆ ಸ್ಕಾಲರ್‌ಶಿಪ್ ಹುಚ್ಚು ಹಚ್ಚಿದವನು ನಾನೇ.

ಅಕ್ಕನ ಊರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ. ರೇಷ್ಮೆ ಹುಳ ಸಾಕುವ ಮನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಇದೆ. ಎಂಟಕ್ಕೆ ಮೂರು ಕಿಲೋಮೀಟರ್ ಆಚೆಯ ಸರ್ಕಾರಿ ಹೈಸ್ಕೂಲಿಗೆ ಹೋಗಬೇಕು. ಪುಟ್ಟಿ (ಮನೆಯಲ್ಲಿ ಕರೆಯುವ ಹೆಸರು, ಇಲ್ಲಿ ಇದೇ ಇರಲಿ) ಆ ವರ್ಷ ಎಂಟಕ್ಕೆ ಸೇರಿದ್ದಳು. ಎಂಟನೇ ಕ್ಲಾಸ್ ಅಂದರೆ ಎನ್‌ಎಂಎಂಎಸ್ ಬರೆಯುವ ವರ್ಷ. ಗೊತ್ತಿಲ್ಲದವರಿಗೆ ಎರಡು ಮಾತು. ಇದು 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರದವರಿಗೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಒಂದು ಬೆಳೆ ಗೂಡು ಕೈಕೊಟ್ಟರೆ ಮಗಳ ಪಿಯುಸಿ ಫೀಸಿಗೆ ಯೋಚನೆ ಮಾಡುವ ಮನೆಗೆ ಅದು ದೊಡ್ಡ ದುಡ್ಡು.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಎಂಎಟಿ, ಅಂದರೆ ಬೌದ್ಧಿಕ ಸಾಮರ್ಥ್ಯದ್ದು, ತೊಂಬತ್ತು ಪ್ರಶ್ನೆ, ತೊಂಬತ್ತು ನಿಮಿಷ. ಇನ್ನೊಂದು ಎಸ್‌ಎಟಿ, ಅದಕ್ಕೂ ಅಷ್ಟೇ ಪ್ರಶ್ನೆ, ಅಷ್ಟೇ ಹೊತ್ತು. ಎಸ್‌ಎಟಿಯಲ್ಲಿ ವಿಜ್ಞಾನಕ್ಕೆ 35, ಸಮಾಜಕ್ಕೆ 35, ಗಣಿತಕ್ಕೆ 20 ಅಂಕ. ಎಲ್ಲ ಏಳನೇ ಮತ್ತು ಎಂಟನೇ ಕ್ಲಾಸಿನ ಪಾಠಗಳಿಂದ. ಈ ಕೊನೆಯ ವಾಕ್ಯವನ್ನು ನಾನು ಮೊದಲೇ ಸರಿಯಾಗಿ ಅರ್ಥ ಮಾಡಿಕೊಂಡಿದ್ದರೆ ಆ ಒಂಬತ್ತು ಬರುತ್ತಿರಲಿಲ್ಲ. 180 ಅಂಕದಲ್ಲಿ 90 ಅಂಕ ಶಾಲೆಯಲ್ಲಿ ದಿನಾ ನಡೆಯುವ ಪಾಠದಲ್ಲೇ ಇದೆ. ನಾವು ಮಾತ್ರ ಅದನ್ನು ಬೇರೆಯೇ ಒಂದು ಪರೀಕ್ಷೆ, ಬೇರೆಯೇ ಪುಸ್ತಕ, ಬೇರೆಯೇ ಮೇಷ್ಟ್ರು ಅಂತ ನೋಡಿದೆವು.

ಪಟ್ಟಣದಲ್ಲಿ ಒಂದು ಕೋಚಿಂಗ್ ಇತ್ತು, ಸಂಜೆ ಹೊತ್ತು. ಅಲ್ಲಿಗೆ ಹೋಗುವ ಬಸ್ ನಾಲ್ಕು ಗಂಟೆಗೆ. ಶಾಲೆ ಬಿಡುವುದು ಅದಕ್ಕಿಂತ ತಡ. ಹಾಗಾಗಿ ವಾರಕ್ಕೆ ಮೂರು ದಿನ ಕೊನೆಯ ಪೀರಿಯಡ್ ಬಿಟ್ಟು ಹೋಗುತ್ತಿದ್ದಳು. ಹೆಡ್ ಮೇಷ್ಟ್ರ ಹತ್ತಿರ ನಾನೇ ಕೇಳಿಕೊಂಡಿದ್ದೆ. ಆ ಕೊನೆಯ ಪೀರಿಯಡ್ ಗಣಿತದ್ದು. ಮೇಷ್ಟ್ರು ಆಗ ಮಾಡುತ್ತಿದ್ದ ಪಾಠ ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು.

ಉತ್ತರ ಪತ್ರಿಕೆ ತೆಗೆದು ಕೂತೆ. ಒಂದು ಲೆಕ್ಕ ಹೀಗಿತ್ತು:

5x − 3 = 2x + 12

ಅವಳು 2x ಅನ್ನು ಈ ಕಡೆ ತಂದಿದ್ದಳು, ಆದರೆ ಚಿಹ್ನೆ ಬದಲಿಸಿರಲಿಲ್ಲ. ಮೂರನ್ನು ಆ ಕಡೆ ಕಳಿಸಿದಾಗಲೂ ಹಾಗೇ. 7x = 9 ಅಂತ ಬಂದು ಅಲ್ಲಿಗೇ ನಿಂತಿದ್ದಳು. "ಇದು ಕೋಚಿಂಗ್‌ನಲ್ಲಿ ಮಾಡಿದ್ದೀಯಲ್ಲ ಪುಟ್ಟಿ?" ಅಂದೆ. "ಮಾಡಿದ್ದೀನಿ ಮಾಮ. ಅಲ್ಲಿ ಆಪ್ಷನ್ ಇರುತ್ತೆ. ಒಂದೊಂದೇ ಹಾಕಿ ನೋಡಿದರೆ ಸಿಗುತ್ತೆ" ಅಂದಳು. ನಿಜ. 5 ಹಾಕಿದರೆ ಎಡಗಡೆ 22, ಬಲಗಡೆಯೂ 22. ಉತ್ತರ ಬಂತು. ಆದರೆ ಘಟಕ ಪರೀಕ್ಷೆಯಲ್ಲಿ ಆಪ್ಷನ್ ಇಲ್ಲ, ಹಂತಗಳಿಗೆ ಅಂಕ. ಹಂತವೇ ಗೊತ್ತಿಲ್ಲ.

ಸರಿ, ಘಟಕ ಪರೀಕ್ಷೆ ಹೋದರೆ ಹೋಗಲಿ, ಸ್ಕಾಲರ್‌ಶಿಪ್‌ಗೆ ಈ ಉಪಾಯ ಸಾಕಲ್ಲ ಅನ್ನಿಸಬಹುದು. ಅದನ್ನೂ ಅಲ್ಲೇ ಪರೀಕ್ಷೆ ಮಾಡಿದೆ. ಅದೇ ಸಮೀಕರಣ ಕೊಟ್ಟು, ಹಾಗಾದರೆ 2x + 1 ರ ಬೆಲೆ ಎಷ್ಟು ಅಂತ ಕೇಳಿದೆ. ಆಪ್ಷನ್ 5, 9, 11, 15. ಒಂದೊಂದಾಗಿ ಹಾಕಿದಳು, 5 ಸರಿಹೋಯಿತು, ಅದನ್ನೇ ಗುರುತು ಮಾಡಿದಳು. ಕೇಳಿದ್ದು x ಅಲ್ಲ, 2x + 1. ಉತ್ತರ 11. ಪ್ರಶ್ನೆ ತೆಗೆಯುವವರು 5 ಅನ್ನು ಆಪ್ಷನ್‌ನಲ್ಲಿ ಇಡುವುದೇ ಹೀಗೆ ಅವಸರ ಮಾಡುವವರಿಗಾಗಿ. ಅಂದರೆ ಸ್ಕಾಲರ್‌ಶಿಪ್‌ಗೋಸ್ಕರ ಬಿಟ್ಟ ಪೀರಿಯಡ್ ಸ್ಕಾಲರ್‌ಶಿಪ್ ಅಂಕವನ್ನೇ ತಿನ್ನುತ್ತಿತ್ತು.

ಮಾರನೇ ದಿನದಿಂದ ಕೋಚಿಂಗ್ ನಿಲ್ಲಿಸಿದೆವು. ಕೋಚಿಂಗ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಶಾಲೆ ಮುಗಿದ ಮೇಲೆ, ಊರಲ್ಲೇ ಇದ್ದಿದ್ದರೆ ಬಿಡಿಸುತ್ತಿರಲಿಲ್ಲ. ನಮ್ಮ ವಿಷಯದಲ್ಲಿ ಅದು ಒಂದು ಪೀರಿಯಡ್ ಮತ್ತು ಎರಡು ಗಂಟೆಯ ಬಸ್ ಪ್ರಯಾಣ ತೆಗೆದುಕೊಳ್ಳುತ್ತಿತ್ತು, ಅಷ್ಟೇ. ಗಣಿತದ ಮೇಷ್ಟ್ರು ಒಳ್ಳೆಯವರು. ಬಿಟ್ಟುಹೋದ ಪಾಠವನ್ನು ಮಧ್ಯಾಹ್ನ ಬಿಸಿಯೂಟದ ನಂತರ ಹದಿನೈದು ಹದಿನೈದು ನಿಮಿಷ ಕೂರಿಸಿಕೊಂಡು ಒಂದೇ ವಾರದಲ್ಲಿ ಮುಗಿಸಿಕೊಟ್ಟರು. ಆಪ್ಷನ್ ಹಾಕಿ ನೋಡುವ ಉಪಾಯವನ್ನೂ ಅವರು ಬಿಡಿಸಲಿಲ್ಲ. "ಅದನ್ನು ಕೊನೆಗೆ ತಾಳೆ ನೋಡೋಕೆ ಇಟ್ಕೊಮ್ಮ" ಅಂದರಂತೆ. ಹಂತ ಬರೆದು x = 5 ಅಂತ ಬಂದ ಮೇಲೆ ಎರಡೂ ಕಡೆ 5 ಹಾಕಿ ನೋಡುವುದು. ಎರಡೂ ಪರೀಕ್ಷೆಗೆ ಅದು ಕೆಲಸಕ್ಕೆ ಬರುತ್ತದೆ.

ಆಮೇಲೆ ನಾವು ಮಾಡಿದ್ದು ಒಂದೇ ಒಂದು ಬದಲಾವಣೆ. ಶಾಲೆಯಲ್ಲಿ ಆ ದಿನ ನಡೆದ ಪಾಠವನ್ನೇ ಎರಡು ಥರ ಓದುವುದು. ಮೊದಲು ಘಟಕ ಪರೀಕ್ಷೆಗೆ ಬರುವಂಥ ಒಂದು ದೊಡ್ಡ ಪ್ರಶ್ನೆಗೆ ಪುಸ್ತಕ ಮುಚ್ಚಿ ಉತ್ತರ ಬರೆಯಬೇಕು. ಆಮೇಲೆ ಅದೇ ಪಾಠದಿಂದ ನಾಲ್ಕು ಬಹುಆಯ್ಕೆ ಪ್ರಶ್ನೆಗಳನ್ನು ಅವಳೇ ತಯಾರು ಮಾಡಬೇಕು. ಸರಿ ಉತ್ತರ ಬರೆದರೆ ಸಾಲದು, ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಸಾಲು ಬರೆಯಬೇಕು. ಈ ಕೊನೆಯ ಕೆಲಸದಲ್ಲೇ ಎಲ್ಲ ಇರುವುದು. ಮೂರು ತಪ್ಪು ಉತ್ತರ ಹುಡುಕಬೇಕಾದರೆ ಪಾಠವನ್ನು ಮತ್ತೆ ತಿರುವಿ ಹಾಕಲೇಬೇಕು.

ಸೂಕ್ಷ್ಮಜೀವಿಗಳ ಪಾಠದ ದಿನ ನಾನು ಅಲ್ಲೇ ಇದ್ದೆ. ವೈರಸ್, ಬ್ಯಾಕ್ಟೀರಿಯ, ಶಿಲೀಂಧ್ರ, ಪ್ರೋಟೊಜೋವಾ. ಯಾವ ರೋಗ ಯಾವುದರಿಂದ ಅನ್ನುವ ಪಟ್ಟಿ ಅವಳಿಗೆ ಎಷ್ಟು ಓದಿದರೂ ಕಲಸಿಹೋಗುತ್ತಿತ್ತು. ಭಾವ ಹುಳು ಮನೆಯಿಂದ ಬಂದು ಕೈ ತೊಳೆಯುತ್ತಿದ್ದರು. ಸುಮ್ನೆ ಕೇಳಿದೆ, "ಭಾವ, ಹುಳಕ್ಕೆ ಏನೇನು ರೋಗ ಬರುತ್ತೆ?" ಅವರು ಒಂದೇ ಉಸಿರಿಗೆ ಹೇಳಿದರು. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ. ಹಾಲುತೊಂಡೆ ವೈರಸ್‌ನಿಂದ. ಸಪ್ಪೆ ರೋಗದಲ್ಲಿ ಮುಖ್ಯವಾಗಿ ಬ್ಯಾಕ್ಟೀರಿಯ. ಸುಣ್ಣಕಟ್ಟು ಶಿಲೀಂಧ್ರದಿಂದ, ಸತ್ತ ಹುಳ ಬೆಳ್ಳಗೆ ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಪುಟ್ಟಿ ಇದನ್ನೆಲ್ಲ ಕಣ್ಣಾರೆ ಕಂಡವಳು. ಅವಳ ನೋಟ್ಸ್‌ನಲ್ಲಿ ಮನುಷ್ಯರ ರೋಗದ ಪಕ್ಕದಲ್ಲಿ ಹುಳದ ರೋಗವನ್ನೂ ಬರೆಸಿದೆ. ಸೀತಾಳೆ ಸಿಡುಬಿನ ಪಕ್ಕ ಹಾಲುತೊಂಡೆ, ಟೈಫಾಯ್ಡ್ ಪಕ್ಕ ಸಪ್ಪೆ ರೋಗ, ಹುಳುಕಡ್ಡಿ ಪಕ್ಕ ಸುಣ್ಣಕಟ್ಟು. ಗಂಟು ರೋಗವನ್ನು ಬಿಟ್ಟೆವು. ರೇಷ್ಮೆಯ ಹಳೆಯ ಪುಸ್ತಕಗಳು ಅದರ ಜೀವಿಯನ್ನು ಪ್ರೋಟೊಜೋವಾ ಅನ್ನುತ್ತವೆ, ಈಗಿನ ವಿಜ್ಞಾನ ಅದನ್ನು ಶಿಲೀಂಧ್ರಗಳ ಸಂಬಂಧಿ ಅನ್ನುತ್ತದೆ. ಎಂಟನೇ ಕ್ಲಾಸಿನ ಮಗುವಿಗೆ ಪರೀಕ್ಷೆ ಹೊತ್ತಲ್ಲಿ ಆ ಗೊಂದಲ ಬೇಡ. ಪ್ರೋಟೊಜೋವಾಗೆ ಮಲೇರಿಯಾ ಒಂದೇ ಇಟ್ಟುಕೊಂಡಳು. (ಅದೇ ಪಾಠದಲ್ಲಿ ಬರುವ ಲೂಯಿ ಪಾಶ್ಚರ್ ಹುಳದ ರೋಗಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು ಅಂದಾಗ ಭಾವ ಟವೆಲ್ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.)

ಆ ಪಾಠದ ಘಟಕ ಪರೀಕ್ಷೆಯಲ್ಲಿ ಹದಿನೆಂಟು ಬಂತು. ಅದರಿಂದ ಅವಳು ಮಾಡಿಟ್ಟ ಪ್ರಶ್ನೆಗಳೇ ಡಿಸೆಂಬರ್‌ನಲ್ಲಿ ಪುನರಾವರ್ತನೆಗೆ ಸಿಕ್ಕವು. ಎಸ್‌ಎಟಿಗೆ ಅಂತ ಬೇರೆ ನೋಟ್ಸ್ ಬರೆಯಲೇ ಇಲ್ಲ.

ಏಳನೇ ಕ್ಲಾಸಿನ ಭಾಗವನ್ನೂ ಸಾಧ್ಯವಾದಷ್ಟು ಎಂಟರ ಪಾಠಕ್ಕೇ ಕಟ್ಟಿದೆವು. ಗಣಿತದಲ್ಲಿ ಇದು ಸಲೀಸು. ಎಂಟರಲ್ಲಿ ಸಮೀಕರಣ ನಡೆಯುವ ವಾರ ಏಳರ ಸರಳ ಸಮೀಕರಣ, ಭಾಗಲಬ್ಧ ಸಂಖ್ಯೆ ನಡೆಯುವಾಗ ಏಳರ ಪೂರ್ಣಾಂಕ ಮತ್ತು ಭಿನ್ನರಾಶಿ. ಪರಿಮಾಣಗಳ ಹೋಲಿಕೆ ಅನ್ನುವ ಪಾಠ ಎರಡೂ ಕ್ಲಾಸಿನಲ್ಲಿದೆ. ಹಳೆಯದು ಗಟ್ಟಿಯಾದರೆ ಹೊಸ ಪಾಠ ತರಗತಿಯಲ್ಲೇ ಬೇಗ ತಲೆಗೆ ಹೋಗುತ್ತದೆ, ಹಾಗಾಗಿ ಇದು ಹೆಚ್ಚುವರಿ ಕೆಲಸ ಅನ್ನಿಸಲಿಲ್ಲ.

ನಿಜವಾಗಿ ಹೊರಗಿನಿಂದ ಬಂದ ಕೆಲಸ ಎಂಎಟಿ ಒಂದೇ. ಅದು ಯಾವ ಪೀರಿಯಡ್‌ನಲ್ಲೂ ಇಲ್ಲ. ಅದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ, ಇಪ್ಪತ್ತು ಪ್ರಶ್ನೆ, ಬೆಳಿಗ್ಗೆ. ಜಾಸ್ತಿ ಬೇಡ ಅಂತ ನಾನೇ ಹಠ ಹಿಡಿದೆ, ಯಾಕೆಂದರೆ ಈ ಪ್ರಶ್ನೆಗಳು ಆಟದ ಥರ, ಕೂತರೆ ಎರಡು ಗಂಟೆ ಹೋಗಿದ್ದು ಗೊತ್ತಾಗುವುದಿಲ್ಲ, ಮಗು ಓದುತ್ತಿದೆ ಅಂತ ಮನೆಯವರಿಗೂ ಸಮಾಧಾನ, ಅತ್ತ ಸಮಾಜ ವಿಜ್ಞಾನದ ನೋಟ್ಸ್ ಹಾಗೇ ಬಿದ್ದಿರುತ್ತದೆ.

ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಪೂರ್ತಿ ಹಳೆಯ ಪತ್ರಿಕೆ ಮಾಡಿಸಿದೆ. ಎಂಎಟಿಯಲ್ಲಿ ತೊಂಬತ್ತಕ್ಕೆ 41 ಸರಿ, 30 ತಪ್ಪು, 19 ಮುಟ್ಟಿಯೇ ಇಲ್ಲ. ಅಂಕಕ್ಕಿಂತ ತಪ್ಪುಗಳನ್ನು ನೋಡುವುದು ಮುಖ್ಯ ಅಂತ ಕೂತು ಒಂದೊಂದನ್ನೂ ವಿಂಗಡಿಸಿದೆವು, ಅದಕ್ಕೆ ಪತ್ರಿಕೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ತಪ್ಪಾದ ಮೂವತ್ತರಲ್ಲಿ ಹದಿಮೂರು ಮಾತ್ರ ನಿಜವಾಗಿ ಗೊತ್ತಿಲ್ಲದವು. ಹದಿನೇಳು ಗೊತ್ತಿದ್ದೂ ತಪ್ಪಾದವು. ಮುಟ್ಟದ ಹತ್ತೊಂಬತ್ತರಲ್ಲಿ ಹನ್ನೆರಡು ಪತ್ರಿಕೆಯ ಕೊನೆಯಲ್ಲಿದ್ದ ತೀರಾ ಸುಲಭದವು, ಕನ್ನಡಿ ಬಿಂಬ, ಗುಂಪಿಗೆ ಸೇರದ ಪದ, ಹೀಗೆ. ಅಲ್ಲಿಗೆ ಅವಳು ತಲುಪಲೇ ಇಲ್ಲ. ಯಾಕೆ ಅಂತ ಹಿಂದೆ ಹಿಂದೆ ಹುಡುಕಿದರೆ ಸಿಕ್ಕಿದ್ದು ಒಂದು ಸಂಖ್ಯಾ ಸರಣಿ:

5, 40, 8, 35, 11, 30, ?

ಇದೊಂದಕ್ಕೇ ಐದು ನಿಮಿಷ ಹೋಗಿತ್ತು. ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ತೆಗೆಯುತ್ತಾ ಹೋಗಿದ್ದಳು. 35, 32, 27, 24... ಏನೂ ಹೊಂದುವುದಿಲ್ಲ. ಸಂಖ್ಯೆ ಏರುತ್ತಾ ಇಳಿಯುತ್ತಾ ಇದ್ದರೆ ಅದು ಒಂದು ಸರಣಿ ಅಲ್ಲ, ಎರಡು ಸರಣಿಯ ಹೆಣಿಗೆ. ಒಂದು ಬಿಟ್ಟು ಒಂದು ನೋಡಬೇಕು. 5, 8, 11 ಮೂರು ಮೂರು ಏರುತ್ತಿದೆ. 40, 35, 30 ಐದು ಐದು ಇಳಿಯುತ್ತಿದೆ. ಮುಂದಿನದು 14. ಬರೀ ಏರುತ್ತಾ ಹೋದರೆ ಮಾತ್ರ ವ್ಯತ್ಯಾಸ ತೆಗೆಯಬೇಕು. 2, 6, 12, 20, 30 ಅಂದರೆ ವ್ಯತ್ಯಾಸ 4, 6, 8, 10. ಮುಂದೆ 12 ಸೇರಿಸು, 42.

ಇಷ್ಟು ಗೊತ್ತಾದ ಮೇಲೆ ಎರಡು ನಿಯಮ ಮಾಡಿಕೊಂಡಳು. ಒಂದೂವರೆ ನಿಮಿಷದಲ್ಲಿ ದಾರಿ ಕಾಣದಿದ್ದರೆ ಪ್ರಶ್ನೆಯ ನಂಬರಿಗೆ ಸುತ್ತು ಹಾಕಿ ಮುಂದೆ ಹೋಗುವುದು. ಕೊನೆಯ ಐದು ನಿಮಿಷದಲ್ಲಿ ಉಳಿದದ್ದನ್ನೆಲ್ಲ ಗುರುತು ಮಾಡಿಬಿಡುವುದು, ಏಕೆಂದರೆ ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಪ್ರಶ್ನೆ ಬಿಟ್ಟು ಮುಂದೆ ಹೋಗುವವರು ಓಎಂಆರ್ ಹಾಳೆಯಲ್ಲಿ ಸಾಲು ತಪ್ಪುವ ಅಪಾಯ ಇದೆ. ಒಂದು ಸಲ ಅವಳು 34 ಬಿಟ್ಟು 35ರ ಉತ್ತರವನ್ನು 34ರ ಸಾಲಿನಲ್ಲಿ ತುಂಬಿದ್ದಳು, ಅಲ್ಲಿಂದ ಮುಂದೆ ಹನ್ನೊಂದು ಪ್ರಶ್ನೆ ಒಂದೊಂದು ಸಾಲು ಮೇಲಕ್ಕೆ ಸರಿದಿದ್ದವು. ಆಮೇಲಿಂದ ಪ್ರತಿ ಹತ್ತಕ್ಕೊಮ್ಮೆ ನಂಬರ್ ತಾಳೆ ನೋಡುವ ಅಭ್ಯಾಸ ಮಾಡಿಸಿದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಕಡೆ ಹೊತ್ತು ಹೋಗುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಕೇತದ ಪ್ರಶ್ನೆಗಳು. ಎಷ್ಟನೇ ಅಕ್ಷರ ಅಂತ ಪ್ರತಿ ಸಲ ಮೊದಲಿಂದ ಬೆರಳು ಮಡಚಿ ಎಣಿಸುತ್ತಾರೆ. ಇ, ಜೆ, ಓ, ಟಿ, ವೈ ಅಂದರೆ 5, 10, 15, 20, 25 ಅಂತ ಬಾಯಿಪಾಠ ಮಾಡಿದರೆ ಯಾವ ಅಕ್ಷರಕ್ಕೂ ಎರಡು ಮೂರು ಹೆಜ್ಜೆಯೊಳಗೆ ತಲುಪಬಹುದು. ಆರ್ ಬೇಕೇ, ಟಿ ಇಪ್ಪತ್ತು, ಎರಡು ಹಿಂದೆ, ಹದಿನೆಂಟು. ಹುಳಕ್ಕೆ ಸೊಪ್ಪು ಕೊಯ್ಯುತ್ತಲೇ ಇದನ್ನು ಕಲಿತಳು.

ಸೊಪ್ಪು ಅಂದೆನಲ್ಲ, ನಮ್ಮ ವೇಳಾಪಟ್ಟಿಯ ನಿಜವಾದ ಯಜಮಾನ ಅದೇ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಚಾಕಿ ಹುಳ, ಅಂದರೆ ಮರಿ ಹುಳ, ಮನೆಗೆ ಬಂದ ಮೇಲೆ ಮೂರನೇ ಜ್ವರದವರೆಗೆ ಮನೆಯಲ್ಲಿ ಕೆಲಸ ಕಮ್ಮಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ, ಸುಮಾರು ಒಂದು ವಾರ, ಒಟ್ಟು ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅದೇ ವಾರ ತಿನ್ನುತ್ತದೆ. ಆ ವಾರ ಮಗು ಓದಲಿ ಅಂತ ಅಕ್ಕನಿಗೆ ಹೇಳುವ ಬಾಯಿ ನನಗಿಲ್ಲ. ಹಾಗಾಗಿ ಕ್ಯಾಲೆಂಡರ್‌ನಲ್ಲಿ ಶಾಲೆಯ ಟೆಸ್ಟ್‌ಗಳ ಪಕ್ಕದಲ್ಲೇ ಹುಳದ ಜ್ವರಗಳನ್ನೂ ಬರೆದೆವು. ದೊಡ್ಡ ಮೇವಿನ ವಾರ ಶಾಲೆಯ ಪಾಠ ಮತ್ತು ಹೋಂವರ್ಕ್ ಮಾತ್ರ, ಎಂಎಟಿ ಪೂರ್ತಿ ರಜ. ಘಟಕ ಪರೀಕ್ಷೆಯ ವಾರ ಎಂಎಟಿ ಹತ್ತೇ ಪ್ರಶ್ನೆ. ಗೂಡು ಮಾರುಕಟ್ಟೆಗೆ ಹೋದ ನಂತರದ ಭಾನುವಾರ ಪೂರ್ತಿ ಪತ್ರಿಕೆ, ಎರಡೂ, ಗಡಿಯಾರ ಇಟ್ಟುಕೊಂಡು. ತಿಂಗಳಿಗೆ ಒಂದೋ ಎರಡೋ, ಅಷ್ಟೇ ಆಗಿದ್ದು.

ಇನ್ನೊಂದು ಮಾತು ಪೋಷಕರಿಗೆ. ಏಳರಲ್ಲಿ ಶೇ. 55 ಇದ್ದರೇ (ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 50) ಈ ಪರೀಕ್ಷೆಗೆ ಕೂರಲು ಆಗುವುದು. ಆಯ್ಕೆಯಾದ ಮೇಲೂ ಒಂಬತ್ತು ಸಲೀಸಾಗಿ ಪಾಸಾಗಬೇಕು, ಹತ್ತರಲ್ಲಿ ಶೇ. 60, ಪರಿಶಿಷ್ಟರಿಗೆ ಶೇ. 55, ಬಂದರೇ ಪಿಯುಸಿಯ ಎರಡು ವರ್ಷದ ದುಡ್ಡು ಬರುವುದು. ಅಂದರೆ 48,000ದಲ್ಲಿ 24,000 ಕೈಸೇರುವುದು ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ. ಶಾಲೆ ಬಿಡಿಸಿ ಸ್ಕಾಲರ್‌ಶಿಪ್ ಓದಿಸಿದರೆ ಆ ಅರ್ಧವೇ ಕೈತಪ್ಪುತ್ತದೆ. ಆದಾಯ ಪ್ರಮಾಣ ಪತ್ರವನ್ನೂ ಕೊನೆಯ ದಿನದವರೆಗೆ ಬಿಡಬೇಡಿ. ನಾಡಕಚೇರಿಗೆ ಪರೀಕ್ಷೆ ಹತ್ತಿರ ಬಂದಾಗ ಓಡಿದರೆ ಮಗುವಿನ ತರಗತಿಯೂ ಹೋಗುತ್ತದೆ, ಅಪ್ಪನ ಕೂಲಿಯೂ ಹೋಗುತ್ತದೆ. ಆಧಾರ್‌ನಲ್ಲಿ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ಅಂತ ಬೇಸಿಗೆ ರಜೆಯಲ್ಲೇ ನೋಡಿಕೊಳ್ಳಿ.

ಪುಟ್ಟಿ ಪರೀಕ್ಷೆ ಬರೆದು ಬಂದಳು. ಕೀ ಉತ್ತರ ಇಟ್ಟುಕೊಂಡು ತಾಳೆ ನೋಡಿದೆವು. ಎಂಎಟಿ 59. ವಿಜ್ಞಾನ 26, ಗಣಿತ 14. ಸಮಾಜ ಮಾತ್ರ 35ಕ್ಕೆ 19. ಒಟ್ಟು 118. ಪಾಸಾಗಲು ಒಟ್ಟು ಶೇ. 40, ಅಂದರೆ 72 ಸಾಕು (ಪರಿಶಿಷ್ಟರಿಗೆ ಶೇ. 32). ಆದರೆ ಪಾಸಾದವರೆಲ್ಲ ಆಯ್ಕೆಯಾಗುವುದಿಲ್ಲ, ರಾಜ್ಯಕ್ಕೆ ಸೀಟು ಇಷ್ಟೇ ಅಂತ ಇರುತ್ತದೆ, ಅಂಕದ ಕ್ರಮದಲ್ಲಿ ತೆಗೆದುಕೊಳ್ಳುತ್ತಾರೆ. ಪಟ್ಟಿ ಇನ್ನೂ ಬಂದಿಲ್ಲ.

ಸಮಾಜದ ಆ ಹದಿನಾರು ಅಂಕ ಎಲ್ಲಿ ಹೋಯಿತು ಅಂತ ನೋಡಿದೆ. ಹನ್ನೊಂದು ಪ್ರಶ್ನೆ ಏಳನೇ ಕ್ಲಾಸಿನವು. ಗಣಿತದ ಹಾಗೆ ಸಮಾಜದಲ್ಲಿ ಏಳರ ಪಾಠ ಎಂಟರ ಪಾಠಕ್ಕೆ ಅಂಟಿಕೊಂಡಿರುವುದಿಲ್ಲ, ಅದನ್ನು ಬೇರೆಯಾಗಿಯೇ ಓದಬೇಕಿತ್ತು, ನಾವು ಓದಲಿಲ್ಲ. ಅದಕ್ಕೆ ಒಂದು ಕಾರಣ ಪುಸ್ತಕವೇ ಮನೆಯಲ್ಲಿ ಇಲ್ಲದ್ದು. ಏಳು ಮುಗಿದಾಗ ಊರಿನ ಶಾಲೆಯ ಬುಕ್ ಬ್ಯಾಂಕಿಗೆ ವಾಪಸ್ ಕೊಟ್ಟಿದ್ದಳು. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಸಿಗುತ್ತದೆ, ಆದರೆ ಭಾವನ ಫೋನ್ ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತಿತ್ತು, ಆ ಚಿಕ್ಕ ಪರದೆಯಲ್ಲಿ ಇತಿಹಾಸ ಓದುವುದು ಮಗುವಿಗೆ ಆಗಲಿಲ್ಲ. ಕೊನೆಗೆ ಭಾಗ ಒಂದನ್ನು ಮಾತ್ರ ಝೆರಾಕ್ಸ್ ಮಾಡಿಸಿ ಕೊಟ್ಟೆ, ಅದೂ ನವೆಂಬರ್‌ನಲ್ಲಿ.

ಅವಳ ತಮ್ಮ ಈಗ ಆರನೇ ಕ್ಲಾಸು. ಮುಂದಿನ ವರ್ಷ ಅವನ ಏಳರ ಸಮಾಜ ವಿಜ್ಞಾನ, ಎರಡೂ ಭಾಗ, ವಾಪಸ್ ಕೊಡುವ ಮೊದಲೇ ಝೆರಾಕ್ಸ್ ಮಾಡಿಸಬೇಕು ಅಂತ ಅಕ್ಕ ಹುಳು ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದಾಳೆ.